ಫೋಟೋದಲ್ಲಿ ಬಂದ ರಿಗ್ರೆಶನ್: ಮೈನಸ್ 11 ಅಂದರೆ ಯಾರಿಗಿಂತ?

ಕಳೆದ ತಿಂಗಳು ನಮ್ಮ ವಾಣಿಜ್ಯ ವಿಭಾಗದ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಓಡಾಡಿತು. ಯಾರೋ ಡಿಗ್ರಿ ವಿದ್ಯಾರ್ಥಿ ತನ್ನ ಪ್ರಾಜೆಕ್ಟಿಗಾಗಿ ಪಿಯುಸಿ ಮಕ್ಕಳ ಅಂಕಗಳನ್ನು ಕಂಪ್ಯೂಟರಿಗೆ ಹಾಕಿ, ಬಂದ ಉತ್ತರವನ್ನು ಪರದೆಯಿಂದಲೇ ಮೊಬೈಲಿನಲ್ಲಿ ಹೊಡೆದ ಫೋಟೋ ಅದು. ಬಲಗಡೆ ಅಂಚು ಕತ್ತರಿಸಿಹೋಗಿತ್ತು, ಮಧ್ಯದಲ್ಲಿ ಟ್ಯೂಬ್‌ಲೈಟಿನ ಹೊಳಪು ಬಿದ್ದಿತ್ತು. ಅದರಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಒಂದೇ ಸಾಲು: ಉರ್ದು ಮೀಡಿಯಂ ಎಂಬ ಹೆಸರಿನ ಎದುರು ಒಂದು ಮೈನಸ್ ಸಂಖ್ಯೆ.

ಆ ಸಂಖ್ಯೆಗೆ ಸಂಜೆಯೊಳಗೆ ಮೂರು ಅರ್ಥ ಹುಟ್ಟಿದವು. ಒಬ್ಬ, "ಉರ್ದು ಮೀಡಿಯಂನವರು ಕ್ಲಾಸಿನ ಸರಾಸರಿಗಿಂತ ಅಷ್ಟು ಹಿಂದೆ" ಅಂದ. ಇನ್ನೊಬ್ಬ, "ಉರ್ದು ಮೀಡಿಯಂ ಅಂತ ಗೊತ್ತಾದರೆ ಅಷ್ಟು ಅಂಕ ಕಳೆಯುತ್ತಾರೆ" ಅಂದ. ಮೂರನೆಯವನು ಕೆಳಗಿನ Adjusted R-squared ನೋಡಿ, "ಈ ಲೆಕ್ಕಕ್ಕೇ ನೂರಕ್ಕೆ ಹದಿನೈದು ಬಂದಿದೆ, ಇದು ಫೇಲ್" ಅಂದ. ಮೂರೂ ತಪ್ಪು. ಆದರೆ ಯಾಕೆ ತಪ್ಪು ಎಂದು ಹೇಳಲು ಆ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು. ನಮ್ಮ ಕಾಲೇಜಿನಲ್ಲಿ ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಮಾಧ್ಯಮದಿಂದ ಬಂದವರು ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಇಂಥ ಸಂಖ್ಯೆಯನ್ನು ತಪ್ಪಾಗಿ ಓದಿದರೆ ಅದು ಯಾರದೋ ತಲೆಯ ಮೇಲೆ ಹಣೆಪಟ್ಟಿಯಾಗಿ ಕೂರುತ್ತದೆ.

ಆ ಫೋಟೋದಲ್ಲಿದ್ದದ್ದು ನಿಜವಾದ ವಿದ್ಯಾರ್ಥಿಗಳ ಅಂಕ. ಹಾಗಾಗಿ ಅದನ್ನು ಇಲ್ಲಿ ಹಾಕುತ್ತಿಲ್ಲ. ಅದೇ ಅಚ್ಚಿನಲ್ಲಿ 12 ಜನರ ಕಲ್ಪಿತ ಅಂಕಗಳನ್ನು ನಾನೇ ಕಟ್ಟಿದ್ದೇನೆ, ಕೈಯಲ್ಲೇ ಲೆಕ್ಕ ಹಾಕಿ ಪರೀಕ್ಷಿಸಲಿ ಎಂದು ಚಿಕ್ಕದಾಗಿ. ಈ ಸಂಖ್ಯೆಗಳು ಯಾವ ಮಾಧ್ಯಮದ ಮಕ್ಕಳ ಬಗ್ಗೆಯೂ ಏನನ್ನೂ ಸಾಬೀತು ಮಾಡುವುದಿಲ್ಲ. ಪಟ್ಟಿಯನ್ನು ಓದುವುದು ಹೇಗೆ ಎಂದು ತೋರಿಸುವುದಷ್ಟೇ ಇವುಗಳ ಕೆಲಸ.

ಅಂಕಗಳು ಮತ್ತು ಪಟ್ಟಿ

ಅಕೌಂಟೆನ್ಸಿಯಲ್ಲಿ 100ಕ್ಕೆ ಬಂದ ಅಂಕಗಳು, ಎಸ್ಸೆಸ್ಸೆಲ್ಸಿವರೆಗೆ ಓದಿದ ಮಾಧ್ಯಮದ ಪ್ರಕಾರ:

ಇಂಗ್ಲಿಷ್: 74, 63, 69, 54*
ಕನ್ನಡ: 73, 61, 57*, 53*
ಉರ್ದು: 61, 56*, 47*, 52*

ನಕ್ಷತ್ರದ ಗುರುತು ಸದ್ಯಕ್ಕೆ ಬೇಡ, ಅದಕ್ಕೆ ಆಮೇಲೆ ಬರೋಣ. ಈ 12 ಅಂಕಗಳನ್ನು ಆರ್ ಎಂಬ ತಂತ್ರಾಂಶಕ್ಕೆ ಕೊಟ್ಟು, ಮಾಧ್ಯಮದ ಮೇಲೆ ಅಂಕಗಳ ರಿಗ್ರೆಶನ್ ಕೇಳಿದರೆ ಬರುವ ಪಟ್ಟಿ ಹೀಗಿರುತ್ತದೆ. ಫೋಟೋದಲ್ಲಿ ಆದಂತೆ ಬಲಗಡೆಯ ಕೊನೆಯ ಕಾಲಂ ಇಲ್ಲೂ ಕತ್ತರಿಸಿದೆ.

```
              Estimate Std. Error t value
(Intercept)     65.000      3.916  16.600
mediumKannada   -4.000      5.538  -0.722
mediumUrdu     -11.000      5.538  -1.986

Residual standard error: 7.832 on 9 degrees of freedom
Multiple R-squared: 0.31, Adjusted R-squared: 0.1567
```

ಮೊದಲ ಪ್ರಶ್ನೆ ಇದು: ಮಾಧ್ಯಮ ಮೂರು, ಆದರೆ ಪಟ್ಟಿಯಲ್ಲಿ ಸಾಲು ಎರಡೇ. ಇಂಗ್ಲಿಷ್ ಎಲ್ಲಿ ಹೋಯಿತು?

ಕಾಣದ ಸಾಲು

ರಿಗ್ರೆಶನ್ ಎಂದರೆ ಸಂಖ್ಯೆಗಳ ಗುಣಾಕಾರ, ಸಂಕಲನ. "ಉರ್ದು" ಎಂಬ ಪದವನ್ನು ಗುಣಿಸಲು ಬರುವುದಿಲ್ಲ. ಅದಕ್ಕಾಗಿ ಕಂಪ್ಯೂಟರ್ ಪ್ರತಿ ವಿದ್ಯಾರ್ಥಿಗೂ ಎರಡು ಹೌದು-ಅಲ್ಲ ಪ್ರಶ್ನೆ ಕೇಳುತ್ತದೆ. ಇವನು ಕನ್ನಡ ಮಾಧ್ಯಮವೇ? ಹೌದಾದರೆ 1, ಅಲ್ಲವಾದರೆ 0. ಇವನು ಉರ್ದು ಮಾಧ್ಯಮವೇ? ಹೌದಾದರೆ 1, ಅಲ್ಲವಾದರೆ 0. ಈ 0 ಮತ್ತು 1ರ ಕಾಲಂಗಳಿಗೆ ಡಮ್ಮಿ ಚರ ಎಂದು ಹೆಸರು.

ಎರಡೂ ಪ್ರಶ್ನೆಗೆ 0 ಎಂದವನು ಇಂಗ್ಲಿಷ್ ಮಾಧ್ಯಮದವನೇ ಆಗಿರಬೇಕು, ಬೇರೆ ದಾರಿಯಿಲ್ಲ. ಆದ್ದರಿಂದ ಮೂರನೇ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಕೇಳಿದರೆ ಲೆಕ್ಕ ಕೆಡುತ್ತದೆ ಕೂಡ, ಯಾಕೆಂದರೆ ಮೂರನೇ ಕಾಲಂ ಮೊದಲೆರಡರಿಂದ ಮೊದಲೇ ಗೊತ್ತಾಗಿರುತ್ತದೆ, ಕಂಪ್ಯೂಟರಿಗೆ ಒಂದೇ ಖಚಿತ ಉತ್ತರ ಸಿಗುವುದಿಲ್ಲ. ಹಾಗಾಗಿ ಒಂದು ಗುಂಪನ್ನು ಯಾವಾಗಲೂ ಹೊರಗಿಡುತ್ತಾರೆ. ಅದು ಆಧಾರ ಗುಂಪು.

ಈಗ ಸಾಲುಗಳನ್ನು ಓದೋಣ. ಎರಡು ಡಮ್ಮಿಗಳೂ 0 ಆದಾಗ ಉಳಿಯುವುದು Intercept ಮಾತ್ರ, ಅಂದರೆ 65. ಇದು ಇಂಗ್ಲಿಷ್ ಗುಂಪಿನ ಸರಾಸರಿ. ನೀವೇ ಕೂಡಿಸಿ ನೋಡಿ: 74, 63, 69, 54 ಸೇರಿ 260, ನಾಲ್ಕರಿಂದ ಭಾಗಿಸಿದರೆ 65. ಕನ್ನಡದ ಡಮ್ಮಿ 1 ಆದಾಗ 65ರಿಂದ 4 ಕಳೆದು 61. ಕನ್ನಡ ಗುಂಪಿನ ಮೊತ್ತ 244, ಸರಾಸರಿ 61, ಸರಿಹೋಯಿತು. ಉರ್ದುವಿನ ಡಮ್ಮಿ 1 ಆದಾಗ 65ರಿಂದ 11 ಕಳೆದು 54. ಉರ್ದು ಗುಂಪಿನ ಮೊತ್ತ 216, ಸರಾಸರಿ 54.

ಅಂದರೆ, ಬೇರೆ ಯಾವ ಚರವೂ ಇಲ್ಲದಿದ್ದಾಗ ಡಮ್ಮಿಯ ಸಹಗುಣಕ ಎಂದರೆ ಎರಡು ಸರಾಸರಿಗಳ ವ್ಯತ್ಯಾಸ, ಅಷ್ಟೇ. ಮೈನಸ್ 11 ಎಂಬುದು ಇಂಗ್ಲಿಷ್ ಗುಂಪಿಗೆ ಹೋಲಿಸಿದ ಅಂತರ. ಕ್ಲಾಸಿನ ಸರಾಸರಿಗೆ ಹೋಲಿಸಿದ್ದಲ್ಲ. 12 ಜನರ ಒಟ್ಟು ಸರಾಸರಿ 60, ಅದಕ್ಕಿಂತ ಉರ್ದು ಗುಂಪು ಹಿಂದಿರುವುದು 6 ಅಂಕ. ಕನ್ನಡ ಗುಂಪಿಗಿಂತ ಹಿಂದಿರುವುದು 7 ಅಂಕ. ಈ 6 ಮತ್ತು 7 ಎರಡೂ ಪಟ್ಟಿಯಲ್ಲಿ ಎಲ್ಲೂ ಅಚ್ಚಾಗಿಲ್ಲ. ಗುಂಪಿನಲ್ಲಿ ಮೊದಲನೆಯವನು ತಪ್ಪಿದ್ದು ಇಲ್ಲೇ.

ಇಂಗ್ಲಿಷನ್ನು ಆಧಾರವಾಗಿ ಆರಿಸಿದವರು ಯಾರು? ಯಾರೂ ಅಲ್ಲ. ಬೇರೆ ಏನೂ ಹೇಳದಿದ್ದರೆ ಆರ್ ತಂತ್ರಾಂಶ ರೋಮನ್ ಅಕ್ಷರಕ್ರಮದಲ್ಲಿ ಮೊದಲು ಬರುವ ಹೆಸರನ್ನು ಆಧಾರ ಮಾಡಿಕೊಳ್ಳುತ್ತದೆ. E ಅಕ್ಷರ K ಮತ್ತು U ಗಿಂತ ಮುಂಚೆ ಬರುತ್ತದೆ, ಅಷ್ಟೇ ಕಾರಣ. "ಇಂಗ್ಲಿಷೇ ಅಳತೆಗೋಲು" ಎಂಬ ತೀರ್ಮಾನ ಅದರಲ್ಲಿಲ್ಲ. ಆಧಾರ ಬದಲಿಸಲು ಒಂದು ಸಾಲು ಸಾಕು:

```
d$medium <- relevel(factor(d$medium), ref = "Urdu")
```

ಆಗ ಬರುವ ಪಟ್ಟಿಯಲ್ಲಿ Intercept 54, ಇಂಗ್ಲಿಷಿಗೆ ಪ್ಲಸ್ 11, ಕನ್ನಡಕ್ಕೆ ಪ್ಲಸ್ 7. ಮೈನಸ್ ಚಿಹ್ನೆಗಳೆಲ್ಲ ಮಾಯ. ಆದರೆ ಯಾರ ಅಂಕವೂ ಬದಲಾಗಿಲ್ಲ, ಮೂರು ಸರಾಸರಿಗಳೂ ಹಾಗೇ ಇವೆ, R² ಮತ್ತು ಅಡ್ಜಸ್ಟೆಡ್ R² ಕೂಡ ಕೂದಲೆಳೆಯಷ್ಟೂ ಕದಲುವುದಿಲ್ಲ.

ನಮ್ಮ ಊರಿನ ಅಡಿಕೆ ವ್ಯಾಪಾರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಶಿವಮೊಗ್ಗ ಮಾರುಕಟ್ಟೆಯ ಧಾರಣೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಬಗೆ ಬರುತ್ತವೆ. ಸಾಮಾನ್ಯವಾಗಿ ಸರಕಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಗೊರಬಲಿಗೆ ಎಲ್ಲಕ್ಕಿಂತ ಕಡಿಮೆ. ಈ ನಾಲ್ಕನ್ನು ಕಂಪ್ಯೂಟರಿಗೆ ಕೊಟ್ಟರೆ B ಅಕ್ಷರದ ಬೆಟ್ಟೆ ಆಧಾರವಾಗಿ ಕೂರುತ್ತದೆ. ಆಗ ಸರಕಿಗೆ ಪ್ಲಸ್, ಗೊರಬಲಿಗೆ ದೊಡ್ಡ ಮೈನಸ್ ಬರುತ್ತದೆ. ಗೊರಬಲನ್ನೇ ಆಧಾರ ಮಾಡಿದರೆ ಎಲ್ಲದಕ್ಕೂ ಪ್ಲಸ್. ಮಂಡಿಯಲ್ಲಿ ಕೂತ ಯಾರೂ "ರಾಶಿಗೆ ಮೈನಸ್" ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಯಾವುದಕ್ಕಿಂತ ಎಂದು ಹೇಳಿಯೇ ಹೇಳುತ್ತಾರೆ.

ಕತ್ತರಿಸಿಹೋದ ಕಾಲಂ

ಎರಡನೇ ಪ್ರಶ್ನೆ: ಈ 11 ಎಷ್ಟು ಗಟ್ಟಿ? ನಾಲ್ಕು ನಾಲ್ಕು ಜನರ ಸರಾಸರಿ ಹೋಲಿಸಿದ್ದೇವೆ. ನಾಲ್ಕರಲ್ಲಿ ಒಬ್ಬ ಪರೀಕ್ಷೆಯ ದಿನ ಜ್ವರದಿಂದ ಬಂದಿದ್ದರೂ ಸರಾಸರಿ ಅಲುಗಾಡುತ್ತದೆ. ಈ ಅಲುಗಾಟದ ಅಂದಾಜೇ Std. Error, ಇಲ್ಲಿ 5.538. ಸಹಗುಣಕವನ್ನು ಅದರಿಂದ ಭಾಗಿಸಿದರೆ t value ಸಿಗುತ್ತದೆ: ಮೈನಸ್ 11 ಭಾಗಿಸು 5.538, ಅಂದರೆ ಮೈನಸ್ 1.986.

ಫೋಟೋ ಓದುವವರಿಗೆ ಈ ಭಾಗಾಕಾರ ಒಂದು ಕೀಲಿಕೈ. ಈ ಮೂರು ಸಂಖ್ಯೆಗಳಲ್ಲಿ ಒಂದರ ಮೇಲೆ ಹೊಳಪು ಬಿದ್ದು ಕಾಣದಿದ್ದರೆ ಉಳಿದೆರಡರಿಂದ ಅದನ್ನು ಹಿಂದಕ್ಕೆ ಪಡೆಯಬಹುದು. 5 ಇದೆಯೋ 6 ಇದೆಯೋ ಎಂಬ ಅನುಮಾನ ಬಂದರೂ ಇದರಿಂದಲೇ ಬಗೆಹರಿಯುತ್ತದೆ. ಮೈನಸ್ ಚಿಹ್ನೆ ಮಸುಕಾಗಿದ್ದರೆ t ಕಾಲಂ ನೋಡಿ, ಎರಡೂ ಕಡೆ ಒಂದೇ ಚಿಹ್ನೆ ಇರಲೇಬೇಕು. ಎಷ್ಟು ಜನರ ಅಂಕ ಎಂದು ಪಟ್ಟಿಯಲ್ಲಿ ನೇರವಾಗಿ ಬರೆದಿಲ್ಲ, ಆದರೆ degrees of freedom 9 ಎಂದಿದೆ. ಮೇಲಿನ ಸಾಲುಗಳು Intercept ಸೇರಿ 3. ಒಟ್ಟು 12 ಜನ.

ಕತ್ತರಿಸಿದ ಕೊನೆಯ ಕಾಲಂನಲ್ಲಿದ್ದದ್ದು p ಬೆಲೆ. ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಸ್ಟ್ಯಾಟಿಸ್ಟಿಕ್ಸ್ ಪುಸ್ತಕದ ಕೊನೆಯಲ್ಲಿರುವ t ಕೋಷ್ಟಕದಲ್ಲಿ 9ರ ಎದುರು, ಶೇಕಡಾ 5ರ ಮಟ್ಟಕ್ಕೆ 2.262 ಎಂದಿರುತ್ತದೆ. ನಮ್ಮ 1.986 ಅದನ್ನು ಮುಟ್ಟಿಲ್ಲ. 5.538ನ್ನು 2.262ರಿಂದ ಗುಣಿಸಿದರೆ ಸುಮಾರು 12.5. ಮೈನಸ್ 11ರ ಎರಡೂ ಬದಿಗೆ 12.5 ಬಿಟ್ಟರೆ, ಮೈನಸ್ 23.5ರಿಂದ ಪ್ಲಸ್ 1.5ರವರೆಗಿನ ಹರವು ಸಿಗುತ್ತದೆ. ನಿಜವಾದ ಅಂತರ ದೊಡ್ಡದೂ ಇರಬಹುದು, ಸೊನ್ನೆಯೂ ಇರಬಹುದು, 12 ಜನರನ್ನು ಕೇಳಿ ಇಷ್ಟೇ ಹೇಳಲು ಸಾಧ್ಯ. "ಅಂತರ ಇಲ್ಲ" ಎಂದು ಇದರಿಂದ ತೀರ್ಮಾನವಾಗಲಿಲ್ಲ. "ಅಂತರ ಇದೆ" ಎಂದೂ ತೀರ್ಮಾನವಾಗಲಿಲ್ಲ.

R² ಮತ್ತು ಅದರ ತಮ್ಮ

ಈಗ ಕೊನೆಯ ಸಾಲು. R² ಏನು ಹೇಳುತ್ತದೆ ಎಂದು ತಿಳಿಯಲು ಮಾಧ್ಯಮವನ್ನು ಒಂದು ಕ್ಷಣ ಮರೆಯೋಣ. ಯಾರ ಬಗ್ಗೆಯೂ ಏನೂ ಗೊತ್ತಿಲ್ಲದೆ ಎಲ್ಲರಿಗೂ 60 ಎಂದು ಊಹಿಸಿದರೆ ಪ್ರತಿಯೊಬ್ಬರ ವಿಷಯದಲ್ಲೂ ಒಂದಿಷ್ಟು ತಪ್ಪುತ್ತೇವೆ. ಆ ತಪ್ಪುಗಳ ವರ್ಗ ಮಾಡಿ ಕೂಡಿಸಿದರೆ 800. ಮಾಧ್ಯಮ ಗೊತ್ತಾದ ಮೇಲೆ ಇಂಗ್ಲಿಷಿನವರಿಗೆ 65, ಕನ್ನಡದವರಿಗೆ 61, ಉರ್ದುವಿನವರಿಗೆ 54 ಎಂದು ಊಹಿಸಿದರೆ, ತಪ್ಪುಗಳ ವರ್ಗಗಳ ಮೊತ್ತ 222, 224, 106 ಸೇರಿ 552ಕ್ಕೆ ಇಳಿಯುತ್ತದೆ. ಇಳಿದದ್ದು 248. 800ರಲ್ಲಿ 248 ಎಂದರೆ 0.31. ಇದೇ R².

ಇದರಲ್ಲಿ ಒಂದು ದೋಷವಿದೆ. ಹೊಸ ಚರ ಸೇರಿಸಿದರೆ R² ಎಂದೂ ಇಳಿಯುವುದಿಲ್ಲ. ರೋಲ್ ನಂಬರ್ ಸಮವೋ ಬೆಸವೋ ಎಂದು ಸೇರಿಸಿದರೂ ಅದು ತುಸು ಏರುತ್ತದೆ, ಅತಿ ಕೆಟ್ಟ ಸಂದರ್ಭದಲ್ಲಿ ಇದ್ದಲ್ಲೇ ನಿಲ್ಲುತ್ತದೆ. 12 ಜನರಿಗೆ 11 ಡಮ್ಮಿ ಹಾಕಿದರೆ ಪ್ರತಿಯೊಬ್ಬನೂ ತಾನೇ ಒಂದು ಗುಂಪಾಗಿ R² ಪೂರ್ತಿ 1 ಆಗುತ್ತದೆ, ಆದರೆ ನಾವು ಏನನ್ನೂ ಕಲಿತಿರುವುದಿಲ್ಲ.

ಅಡ್ಜಸ್ಟೆಡ್ R² ಇದಕ್ಕೆ ದಂಡ ಹಾಕುತ್ತದೆ. ತಪ್ಪುಗಳ ಮೊತ್ತವನ್ನು ಹಾಗೇ ಹೋಲಿಸುವ ಬದಲು, ಉಳಿದಿರುವ degrees of freedom ನಿಂದ ಭಾಗಿಸಿ ಹೋಲಿಸುತ್ತದೆ. 552ನ್ನು 9ರಿಂದ ಭಾಗಿಸಿದರೆ 61.33. 800ನ್ನು 11ರಿಂದ ಭಾಗಿಸಿದರೆ 72.73. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.843, ಅದನ್ನು 1ರಿಂದ ಕಳೆದರೆ 0.157. ಪುಸ್ತಕದ ಸೂತ್ರವೂ ಇದನ್ನೇ ಹೇಳುತ್ತದೆ:

```
Adjusted R² = 1 - (1 - R²)(n - 1)/(n - k - 1)
```

ಇಲ್ಲಿ n ಎಂದರೆ ಜನರ ಸಂಖ್ಯೆ, k ಎಂದರೆ Intercept ಬಿಟ್ಟು ಉಳಿದ ಸಹಗುಣಕಗಳ ಸಂಖ್ಯೆ. ಹಲವರು ಜಾರುವುದು ಈ k ವಿಷಯದಲ್ಲೇ. ಮಾಧ್ಯಮ ಎಂಬುದು ನಮ್ಮ ಬಾಯಲ್ಲಿ ಒಂದು ಚರ, ಆದರೆ ಲೆಕ್ಕದಲ್ಲಿ ಅದು ಎರಡು ಡಮ್ಮಿ, ಹಾಗಾಗಿ k ಬೆಲೆ 2. ಅದನ್ನು 1 ಎಂದು ಹಾಕಿದರೆ ಉತ್ತರ 0.241 ಬರುತ್ತದೆ, ಫೋಟೋದಲ್ಲಿರುವ 0.1567ಕ್ಕೆ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದಾಗ ಮೊದಲು ಸಾಲುಗಳನ್ನು ಎಣಿಸಿ.

ಹೀಗೆ ನೋಡಿದರೆ 0.157 ಎಂಬುದು ಲೆಕ್ಕಕ್ಕೆ ಬಂದ ಮಾರ್ಕ್ಸ್ ಅಲ್ಲ, ಇಷ್ಟು ಬಂದರೆ ಪಾಸ್ ಎಂಬ ನಿಯಮ ಇದಕ್ಕಿಲ್ಲ. ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಅಂಕಗಳು ಯಾಕೆ ಬೇರೆಯಾಗುತ್ತವೆ ಎಂಬ ಪ್ರಶ್ನೆಗೆ ಮಾಧ್ಯಮ ಒಂದರಿಂದ ಸಿಗುವ ಉತ್ತರ ಬಹಳ ಚಿಕ್ಕದು ಎಂದಷ್ಟೇ ಅದರ ಅರ್ಥ. ಅದು ಮೈನಸ್ ಕೂಡ ಆಗಬಹುದು. ನಮ್ಮ ಪಟ್ಟಿಯಲ್ಲಿ R² ಎಂಬುದು 11ರಲ್ಲಿ 2 ಭಾಗಕ್ಕಿಂತ, ಅಂದರೆ ಸುಮಾರು 0.18ಕ್ಕಿಂತ ಕಡಿಮೆಯಿದ್ದಿದ್ದರೆ ಅಡ್ಜಸ್ಟೆಡ್ R² ಸೊನ್ನೆಯ ಕೆಳಗೆ ಹೋಗುತ್ತಿತ್ತು. ಫೋಟೋದಲ್ಲಿ ಆ ಸಣ್ಣ ಗೆರೆ ಅಳಿಸಿಹೋಗಿದ್ದರೆ ಮೇಲಿನ ಸೂತ್ರವೇ ಅದನ್ನು ಹಿಡಿದುಕೊಡುತ್ತದೆ.

ನಕ್ಷತ್ರದ ಗುರುತು

ಈಗ ಆ ನಕ್ಷತ್ರಕ್ಕೆ ಬರೋಣ. ಬಸ್ಸಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂತು ಕಾಲೇಜಿಗೆ ಬರುವವರಿಗೆ ಆ ಗುರುತು ಹಾಕಿದ್ದೇನೆ. ಸೊರಬ, ಆನವಟ್ಟಿ ಕಡೆಯ ಹಳ್ಳಿಗಳಿಂದ ಶಿಕಾರಿಪುರಕ್ಕೆ ಬರುವವರಿಗೆ ಇದು ಹೊಸ ಮಾತಲ್ಲ. ನನ್ನ ಕಲ್ಪಿತ ಪಟ್ಟಿಯಲ್ಲಿ ಇಂಗ್ಲಿಷ್ ಗುಂಪಿನಲ್ಲಿ ಅಂಥವರು ನಾಲ್ಕರಲ್ಲಿ ಒಬ್ಬ, ಕನ್ನಡ ಗುಂಪಿನಲ್ಲಿ ಇಬ್ಬರು, ಉರ್ದು ಗುಂಪಿನಲ್ಲಿ ಮೂವರು.

ದೂರದವರಿಗೆ 1, ಹತ್ತಿರದವರಿಗೆ 0 ಎಂದು ಇನ್ನೊಂದು ಡಮ್ಮಿ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ಬರುವುದು ಇದು:

```
              Estimate Std. Error t value
(Intercept)     68.000      2.569  26.469
mediumKannada   -1.000      3.550  -0.282
mediumUrdu      -5.000      3.795  -1.318
far            -12.000      3.098  -3.873

Residual standard error: 4.899 on 8 degrees of freedom
Multiple R-squared: 0.76, Adjusted R-squared: 0.67
```

ಉರ್ದುವಿನ ಮೈನಸ್ 11 ಈಗ ಮೈನಸ್ 5. ಯಾರ ಅಂಕವೂ ತಿದ್ದಿಲ್ಲ, ಆದರೂ ಸಹಗುಣಕ ಅರ್ಧಕ್ಕಿಂತ ಕೆಳಗಿಳಿಯಿತು. ಯಾಕೆಂದರೆ ಪ್ರಶ್ನೆ ಬದಲಾಯಿತು. ಮೊದಲ ಪಟ್ಟಿ ಕೇಳಿದ್ದು ಉರ್ದು ಗುಂಪಿಗೂ ಇಂಗ್ಲಿಷ್ ಗುಂಪಿಗೂ ಎಷ್ಟು ಅಂತರ ಎಂದು. ಎರಡನೇ ಪಟ್ಟಿ ಕೇಳುವುದು ಒಂದೇ ಬಗೆಯ ಪ್ರಯಾಣ ಮಾಡುವ ಉರ್ದು ಮತ್ತು ಇಂಗ್ಲಿಷ್ ಮಾಧ್ಯಮದವರ ನಡುವೆ ಎಷ್ಟು ಅಂತರ ಎಂದು.

ಇಳಿದ 6 ಎಲ್ಲಿ ಹೋಯಿತು ಎಂದು ಬೆರಳಲ್ಲೇ ಲೆಕ್ಕ ಹಾಕಬಹುದು. ದೂರದಿಂದ ಬರುವವರ ಪಾಲು ಇಂಗ್ಲಿಷ್ ಗುಂಪಿನಲ್ಲಿ ಕಾಲು ಭಾಗ, ಉರ್ದು ಗುಂಪಿನಲ್ಲಿ ಮುಕ್ಕಾಲು ಭಾಗ. ವ್ಯತ್ಯಾಸ ಅರ್ಧ. ದೂರದ ಪ್ರಯಾಣದ ಎದುರು ಇರುವುದು ಮೈನಸ್ 12, ಅದರ ಅರ್ಧ ಮೈನಸ್ 6. ಮೊದಲ ಪಟ್ಟಿಯಲ್ಲಿ ಬಸ್ಸಿನ ಸಾಲೇ ಇರಲಿಲ್ಲವಾದ್ದರಿಂದ ಆ 6 ಕೂಡ ಮಾಧ್ಯಮದ ಲೆಕ್ಕಕ್ಕೇ ಜಮೆಯಾಗಿತ್ತು. ಅಕೌಂಟೆನ್ಸಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಖಾತೆಯ ಖರ್ಚನ್ನು ಇನ್ನೊಂದು ಖಾತೆಗೆ ಬರೆದ ಹಾಗೆ: ಒಟ್ಟು ತಾಳೆಯಾಗುತ್ತದೆ, ಆದರೆ ಯಾರ ಹೆಸರಿನಲ್ಲಿ ಎಷ್ಟು ಎಂಬುದು ತಪ್ಪಿರುತ್ತದೆ.

ಉಳಿದ ಮೈನಸ್ 5ರ t ಬೆಲೆ 1.318. ಕೋಷ್ಟಕದಲ್ಲಿ 8ರ ಎದುರು ಇರುವುದು 2.306. ಇದು ಅದರ ಹತ್ತಿರಕ್ಕೂ ಬಂದಿಲ್ಲ. ದೂರದ ಪ್ರಯಾಣದ 3.873 ಮಾತ್ರ ಅದನ್ನು ದಾಟಿದೆ.

ಅಡ್ಜಸ್ಟೆಡ್ R² ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಜಾಗದಲ್ಲಿ, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ. ಮಾಧ್ಯಮವನ್ನು ಪೂರ್ತಿ ಬಿಟ್ಟು, ದೂರ ಒಂದನ್ನೇ ಇಟ್ಟು ಲೆಕ್ಕ ಹಾಕಿದೆ. ಹತ್ತಿರದ ಆರು ಜನರ ಮೊತ್ತ 401, ದೂರದ ಆರು ಜನರ ಮೊತ್ತ 319. ಆಗ R² ಸುಮಾರು 0.70, ಅಡ್ಜಸ್ಟೆಡ್ R² 0.6705. ಇದಕ್ಕೆ ಮಾಧ್ಯಮದ ಎರಡು ಡಮ್ಮಿ ಸೇರಿಸಿದಾಗ R² 0.76ಕ್ಕೆ ಏರುತ್ತದೆ, ನೋಡಿದವರಿಗೆ ಲಾಭವಾದಂತೆ ಕಾಣುತ್ತದೆ. ಆದರೆ ಅಡ್ಜಸ್ಟೆಡ್ R² 0.6705ರಿಂದ 0.6700ಕ್ಕೆ ಬರುತ್ತದೆ. ಏರಲಿಲ್ಲ, ಕೂದಲೆಳೆಯಷ್ಟು ಇಳಿಯಿತು. ಎರಡು ಹೊಸ ಸಾಲುಗಳು ತಾವು ತಿಂದ ಎರಡು degrees of freedom ನ ಬೆಲೆಯನ್ನೂ ದುಡಿದು ಕೊಡಲಿಲ್ಲ. ಈ 12 ಜನರ ಮಟ್ಟಿಗೆ, ಪ್ರಯಾಣ ಗೊತ್ತಿದ್ದ ಮೇಲೆ ಮಾಧ್ಯಮ ತಿಳಿದು ಊಹೆ ಸುಧಾರಿಸಲಿಲ್ಲ.

ಎಲ್ಲಿಗೆ ನಿಲ್ಲಿಸಬೇಕು

ಇಷ್ಟಾದ ಮೇಲೆ "ಹಾಗಾದರೆ ತಪ್ಪೆಲ್ಲ ಬಸ್ಸಿನದೇ" ಎಂದು ಹೊರಟರೆ ಅದೂ ಮೊದಲಿನಂಥದೇ ತಪ್ಪು. ಬಸ್ಸಿನ ಸಾಲಿನೊಳಗೂ ಬೇರೆ ಯಾವುದೋ ಖಾತೆಯ ಖರ್ಚು ಸೇರಿರಬಹುದು. ದೂರದ ಹಳ್ಳಿಯಲ್ಲಿ ಟ್ಯೂಷನ್ ಸಿಗದಿರಬಹುದು, ಮನೆಗೆ ಹೋದ ಮೇಲೆ ತೋಟದ ಕೆಲಸ ಇರಬಹುದು. ಪಟ್ಟಿಯಲ್ಲಿ ಹಾಕದ ಚರದ ಬಗ್ಗೆ ಪಟ್ಟಿ ಏನನ್ನೂ ಹೇಳುವುದಿಲ್ಲ, ಅಡ್ಜಸ್ಟೆಡ್ R² ಎಷ್ಟೇ ದೊಡ್ಡದಿದ್ದರೂ ಅಷ್ಟೇ. ಅದು ಊಹೆ ಎಷ್ಟು ಹತ್ತಿರ ಬಂತು ಎಂದು ಹೇಳುತ್ತದೆ, ಕಾರಣ ಯಾವುದು ಎಂದು ಹೇಳುವುದಿಲ್ಲ. ಗುಂಪಿನಲ್ಲಿ ಎರಡನೆಯವನು ಹೇಳಿದ "ಅಂಕ ಕಳೆಯುತ್ತಾರೆ" ಎಂಬ ಮಾತಿಗೆ ಇದೇ ಉತ್ತರ. ಸಹಗುಣಕದ ಮೈನಸ್ ಚಿಹ್ನೆ ಯಾರೋ ಅಂಕ ಕಳೆದದ್ದರ ಗುರುತಲ್ಲ, ಒಂದು ಸರಾಸರಿಯಿಂದ ಇನ್ನೊಂದನ್ನು ನಾವು ಕಳೆದದ್ದರ ಗುರುತು.

ಇನ್ನೊಂದು ಎಚ್ಚರಿಕೆ. ಕೆಲವರು ಎಕ್ಸೆಲ್‌ನಲ್ಲಿ ಮಾಧ್ಯಮಕ್ಕೆ 1, 2, 3 ಎಂದು ನಂಬರ್ ಕೊಟ್ಟು ಹಾಗೇ ರಿಗ್ರೆಶನ್ ಮಾಡುತ್ತಾರೆ. ಎಕ್ಸೆಲ್ ತಾನಾಗಿ ಡಮ್ಮಿ ಮಾಡಿಕೊಡುವುದಿಲ್ಲ. ಆಗ ಕಂಪ್ಯೂಟರ್ ಉರ್ದುವನ್ನು ಇಂಗ್ಲಿಷಿನ ಮೂರು ಪಟ್ಟು ಎಂದು ತಿಳಿದು, ಪ್ರತಿ ಹೆಜ್ಜೆಗೂ ಒಂದೇ ಅಂತರ ಎಂದು ಗೆರೆ ಎಳೆಯುತ್ತದೆ. ನಮ್ಮ ಅಂಕಗಳಿಗೆ ಹಾಗೆ ಮಾಡಿದರೆ ಮೈನಸ್ 5.5 ಎಂಬ ಒಂದೇ ಸಂಖ್ಯೆ ಬರುತ್ತದೆ, ಅದು ಯಾವ ಎರಡು ಗುಂಪುಗಳ ನಡುವಿನ ಅಂತರವೂ ಅಲ್ಲ. ಇದನ್ನು ಫೋಟೋದಲ್ಲೇ ಗುರುತಿಸಬಹುದು: ಮೂರು ಮಾಧ್ಯಮಗಳಿದ್ದೂ ಒಂದೇ ಸಾಲು ಇದ್ದು, ಅದರ ಹೆಸರಿನಲ್ಲಿ ಕನ್ನಡವೂ ಇಲ್ಲ, ಉರ್ದುವೂ ಇಲ್ಲ ಎಂದರೆ ಹೀಗೇ ಆಗಿರುತ್ತದೆ.

ಹಾಗಾಗಿ ಮುಂದಿನ ಸಲ ಇಂಥ ಫೋಟೋ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ. ಪಟ್ಟಿಯಲ್ಲಿ ಕಾಣದ ಗುಂಪು ಯಾವುದು? Std. Error ಎಷ್ಟು, ಎಷ್ಟು ಜನರ ಲೆಕ್ಕ? ಬೇರೆ ಯಾವ ಚರ ಸೇರಿಸಿ ನೋಡಿದಿರಿ, ಆಗ ಅಡ್ಜಸ್ಟೆಡ್ R² ಎಷ್ಟು ಬಂತು? ಮೊದಲ ಪ್ರಶ್ನೆಗೇ ಉತ್ತರ ಬರದಿದ್ದರೆ ಆ ಮೈನಸ್ ಸಂಖ್ಯೆ ಇನ್ನೂ ಅರ್ಧ ವಾಕ್ಯ ಮಾತ್ರ. "ಯಾರಿಗಿಂತ" ಎಂಬ ಉಳಿದ ಅರ್ಧ ಬರುವವರೆಗೆ ಅದನ್ನು ಯಾರ ಹೆಸರಿಗೂ ಅಂಟಿಸಬಾರದು.